ಕನ್ನಡ ಬರೆವಣಿಗೆಯಲ್ಲಿ ಸಾಲು ಒಡೆಯುವ ಕ್ರಮ

೧

ಕನ್ನಡ ಲಿಪಿಯ ಇತಿಹಾಸವನ್ನು ಕುರಿತು ಬರೆದ ವಿದ್ವಾಂಸರು ಅಕ್ಷರಗಳ ರೂಪಭೇದಗಳನ್ನು ಬಹಳ ಶ್ರಮವಹಿಸಿ ಪರಿಶೀಲಿಸಿದ್ದಾರೆ. ಆದರೆ ಆ ಅಕ್ಷರಗಳು ಸಾಲಿನ ಕೊನೆಯನ್ನು ಮುಟ್ಟಿದಾಗ ಬರೆಯುವವನು ಏನು ಮಾಡುತ್ತಿದ್ದನೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಲ್ಲಾಗಲಿ ಓಲೆಯಾಗಲಿ ಕಾಗದವಾಗಲಿ, ಬರೆಯುವ ಹಲಗೆಗೆ ಒಂದು ಅಂಚು ಇದ್ದೇ ಇರುತ್ತದೆ. ಮಾತಿಗಾದರೋ ಅಂಥ ಅಂಚಿಲ್ಲ. ಇವೆರಡೂ ಸಂಧಿಸುವ ಸ್ಥಳದಲ್ಲಿ ಮಾತನ್ನು ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನವನ್ನು ಬರೆಯುವವನು ಪ್ರತಿ ಸಾಲಿನಲ್ಲಿಯೂ ಮಾಡಲೇಬೇಕಾಗುತ್ತದೆ. ಈ ತೀರ್ಮಾನದ ಹಿಂದಿರುವ ನಿಯಮ ಕನ್ನಡದಲ್ಲಿ ಹೇಗೆ ಬದಲಾಯಿತು, ಇಂದು ಗಣಕಯಂತ್ರದ ತೆರೆಯ ಮೇಲೆ, ವಿಶೇಷವಾಗಿ ತರಗತಿಗಳಲ್ಲಿಯೂ ಗೋಷ್ಠಿಗಳಲ್ಲಿಯೂ ತೋರಿಸುವ ಸ್ಲೈಡ್‌ಗಳ ಕಿರಿದಾದ ಅಂಕಣಗಳಲ್ಲಿ, ಅದು ಏಕೆ ತೊಡಕನ್ನುಂಟುಮಾಡಿದೆ ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ನಿರ್ಣಯವನ್ನು ಮೊದಲೇ ಸಂಕ್ಷೇಪವಾಗಿ ಹೇಳಬಹುದು. ಕನ್ನಡದಲ್ಲಿ ಸಾಲನ್ನು ಒಡೆಯುವ ಮೂಲಘಟಕ ಅಕ್ಷರವೇ ಹೊರತು ಪದವಲ್ಲ. ಪದಗಳ ನಡುವಣ ತೆರವು ಅಚ್ಚಿನ ಕಾಲದಲ್ಲಿ ನೆಲೆಗೊಂಡು ಅಕ್ಷರನಿಯಮದ ಜೊತೆಗೆ ಹೊಂದಿಕೊಂಡಿತು. ಗಣಕಯಂತ್ರವು ಮಾತ್ರ ತೆರವೊಂದನ್ನೇ ನಿಯಮವಾಗಿ ಸ್ವೀಕರಿಸಿ ಅಕ್ಷರನಿಯಮವನ್ನು ಬದಿಗಿರಿಸಿತು. ಇಂದಿನ ತೊಡಕುಗಳಲ್ಲಿ ಬಹುಭಾಗ ಇದರಿಂದಲೇ ಹುಟ್ಟಿದುದು.

೨

ಅತ್ಯಂತ ಹಳೆಯ ನಿದರ್ಶನದಿಂದಲೇ ಪ್ರಾರಂಭಿಸೋಣ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದರು. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ. ಶ. ಸುಮಾರು ೪೫೦ ಎಂದು ಹೇಳುವುದುಂಟು. ಈ ಶಾಸನದಲ್ಲಿ ಪದಗಳ ನಡುವೆ ತೆರವಿಲ್ಲ. ಸಾಲು ಮುಗಿದಲ್ಲಿ ಪದ ಮುಗಿಯಬೇಕೆಂಬ ಕಟ್ಟೂ ಇಲ್ಲ. ಮೂರನೆಯ ಸಾಲು ನಾಗೇಂದ್ರ ಎಂಬ ಹೆಸರಿನ ‘ನಾ’ ಎಂಬ ಅಕ್ಷರದೊಡನೆ ಮುಗಿದು, ಉಳಿದ ಭಾಗ ನಾಲ್ಕನೆಯ ಸಾಲಿನ ಮೊದಲಲ್ಲಿ ಬರುತ್ತದೆ. ಶಾಸನದ ಪಾಠವನ್ನು ಮುದ್ರಿಸುವ ಸಂಪಾದಕರು ಇಂಥ ಕಡೆಗಳಲ್ಲಿ ಸಾಲಿನ ತುದಿಗೆ ಒಂದು ಚಿಕ್ಕ ಅಡ್ಡಗೆರೆಯನ್ನು ಹಾಕುವುದು ವಾಡಿಕೆ. ಆ ಗೆರೆ ಸಂಪಾದಕರದು, ಕಲ್ಲಿನಲ್ಲಿರುವುದಲ್ಲ. ಕಲ್ಲನ್ನು ಕೆತ್ತಿದವನಿಗೆ ಅದರ ಅಗತ್ಯವೇ ತೋರಲಿಲ್ಲ.

ಇದಕ್ಕಿಂತಲೂ ಗಮನಾರ್ಹವಾದುದು ನಾಲ್ಕನೆಯ ಮತ್ತು ಐದನೆಯ ಸಾಲುಗಳ ಸಂಧಿಸ್ಥಾನ. ಅಲ್ಲಿ ‘ನಾಗಾಹ್ವಯರ್’ ಎಂಬ ಪದವೂ ‘ಇರ್ವರ್’ ಎಂಬ ಪದವೂ ಒಂದರ ಪಕ್ಕದಲ್ಲೊಂದು ಬಂದಿವೆ. ಮೊದಲನೆಯದರ ಕೊನೆಯ ವ್ಯಂಜನವಾದ ರಕಾರವೂ ಎರಡನೆಯದರ ಮೊದಲ ಸ್ವರವಾದ ಇಕಾರವೂ ಕೂಡಿ ‘ರಿ’ ಎಂಬ ಒಂದೇ ಅಕ್ಷರವಾಗಿದೆ. ಕೆತ್ತಿದವನು ಸಾಲನ್ನು ಈ ‘ರಿ’ಕಾರಕ್ಕೆ ಮುಂಚೆ ಮುಗಿಸಿ, ಅದನ್ನು ಮುಂದಿನ ಸಾಲಿಗೆ ಇಡಿಯಾಗಿ ಒಯ್ದಿದ್ದಾನೆ. ಪದದ ಎಲ್ಲೆಯಲ್ಲಿಯೇ ಒಡೆಯಬೇಕೆಂದು ಅವನು ಬಯಸಿದ್ದರೂ ಅದು ಸಾಧ್ಯವಿರಲಿಲ್ಲ. ಏಕೆಂದರೆ ಆ ಎಲ್ಲೆ ಒಂದು ಅಕ್ಷರದ ಒಡಲೊಳಗೇ ಅಡಗಿದೆ. ಅಕ್ಷರವನ್ನು ಸೀಳಬಾರದು, ಪದವನ್ನು ಸೀಳಬಹುದು ಎಂಬ ನಿಯಮ ಇಲ್ಲಿ ಸ್ಪಷ್ಟವಾಗಿ ವೇದ್ಯವಾಗುತ್ತದೆ. ಸಂಧಿಯನ್ನು ಬರೆವಣಿಗೆಯಲ್ಲಿಯೂ ತೋರಿಸುವ ಭಾಷೆಗೆ ಇದು ಅತ್ಯಂತ ಸಹಜವಾದ ನಿಯಮ.

ಓಲೆಗರಿಗಳಲ್ಲಿಯೂ ಇದೇ ಕ್ರಮ ಮುಂದುವರಿಯಿತು. ಓಲೆಯ ಕಟ್ಟಿಗೆ ದಾರ ಪೋಣಿಸುವ ಸಲುವಾಗಿ ಗರಿಯಲ್ಲಿ ರಂಧ್ರವನ್ನು ಮಾಡುತ್ತಿದ್ದರಷ್ಟೆ. ದಾರದ ಉಜ್ಜುವಿಕೆಯಿಂದ ಬರೆಹ ಕೆಡದಂತೆ ಲಿಪಿಕಾರನು ರಂಧ್ರದ ಸುತ್ತಲೂ ಸ್ವಲ್ಪ ಜಾಗವನ್ನು ಖಾಲಿ ಬಿಡುತ್ತಿದ್ದನು. ನೀಳವಾದ ಗರಿಯಲ್ಲಿ ಎರಡು ರಂಧ್ರಗಳಿದ್ದರೆ ಬರೆಹವು ಕಣ್ಣಿಗೆ ಮೂರು ಅಂಕಣಗಳಂತೆ ಕಾಣಿಸುತ್ತದೆ. ಆದರೂ ಸಾಲು ರಂಧ್ರವನ್ನು ದಾಟಿಕೊಂಡು ನೇರವಾಗಿ ಸಾಗುತ್ತದೆ; ಎಡಗಡೆ ಅರ್ಧ ಬರೆದ ಪದ ಬಲಗಡೆ ಪೂರ್ಣವಾಗುತ್ತದೆ. ಪದ ತುಂಡಾಯಿತೆಂದು ಲಿಪಿಕಾರನು ಚಿಂತಿಸಲಿಲ್ಲ. ಒತ್ತಕ್ಷರವನ್ನಾಗಲಿ ಸ್ವರಚಿಹ್ನೆಯನ್ನಾಗಲಿ ಅದರ ಮೂಲಾಕ್ಷರದಿಂದ ಅಗಲಿಸಿ ರಂಧ್ರದ ಆಚೆಗೆ ಹಾಕುವುದು ಮಾತ್ರ ಅವನ ಕ್ರಮವಲ್ಲ.

೩

ಪದಗಳ ನಡುವೆ ತೆರವು ಬಿಡುವ ಪದ್ಧತಿ ಅಚ್ಚಿನೊಡನೆ ನೆಲೆಗೊಂಡಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಪ್ರಾರಂಭಿಸಿದನು. ಮುಂದೆ ಮೊಳೆಯಚ್ಚು ಹರಡಿದಂತೆಲ್ಲ ಪದವಿಂಗಡಣೆಯೂ ಓದುಗರಿಗೆ ಅಭ್ಯಾಸವಾಯಿತು. ಆದರೆ ಕನ್ನಡದಲ್ಲಿ ಪದದ ಎಲ್ಲೆ ಇಂಗ್ಲಿಷಿನಲ್ಲಿರುವಷ್ಟು ಖಚಿತವಾದುದಲ್ಲ. ‘ಮಾಡಬೇಕು’ ಎಂದು ಕೂಡಿಸಿಯೂ ‘ಮಾಡ ಬೇಕು’ ಎಂದು ಬಿಡಿಸಿಯೂ ಅಚ್ಚಾದ ಪುಸ್ತಕಗಳನ್ನು ಹಳೆಯ ಗ್ರಂಥಭಂಡಾರಗಳಲ್ಲಿ ನೋಡಬಹುದು. ತೆರವು ಓದುಗನಿಗೆ ಒದಗಿಸಿದ ಒಂದು ಅನುಕೂಲವೇ ಹೊರತು ಭಾಷೆಯೇ ವಿಧಿಸಿದ ಗಡಿಯಲ್ಲವೆಂಬುದು ಇದರಿಂದ ತಿಳಿದುಬರುತ್ತದೆ.

ಮೊಳೆ ಜೋಡಿಸುವವನು ಸಾಲಿನ ಕೊನೆಯಲ್ಲಿ ಎರಡು ಉಪಾಯಗಳನ್ನು ಬಳಸುತ್ತಿದ್ದನು. ಪದಗಳ ನಡುವಣ ತೆರವನ್ನು ಸ್ವಲ್ಪ ಹಿಗ್ಗಿಸುವುದು ಅಥವಾ ಕುಗ್ಗಿಸುವುದು ಒಂದು. ಅದರಿಂದ ಸಾಲು ತುಂಬದಿದ್ದರೆ, ಪದವನ್ನು ಎರಡು ಅಕ್ಷರಗಳ ನಡುವೆ ಒಡೆದು, ಉಳಿದುದನ್ನು ಕೆಳಗಿನ ಸಾಲಿಗೆ ಒಯ್ಯುವುದು ಇನ್ನೊಂದು. ಒಡೆದ ಕಡೆ ಹಲವು ವೇಳೆ ಚಿಕ್ಕ ಅಡ್ಡಗೆರೆಯನ್ನು, ಅಂದರೆ ಹೈಫನನ್ನು, ಇಡುತ್ತಿದ್ದರು. ವೃತ್ತಪತ್ರಿಕೆಯ ಕಿರಿದಾದ ಅಂಕಣಗಳಲ್ಲಿ ಈ ಎರಡನೆಯ ಉಪಾಯವಿಲ್ಲದೆ ಕೆಲಸವೇ ಸಾಗುತ್ತಿರಲಿಲ್ಲ. ಹೀಗೆ ಅಚ್ಚಿನಲ್ಲಿ ಎರಡು ನಿಯಮಗಳು ಜೊತೆಗೂಡಿ ನಡೆದವು: ತೆರವಿನಲ್ಲಿ ಒಡೆಯುವುದು ಉತ್ತಮ, ಆಗದಿದ್ದರೆ ಅಕ್ಷರಗಳ ನಡುವೆ ಒಡೆಯಬಹುದು.

ಇಲ್ಲಿ ಅಕ್ಷರವೆಂದರೇನೆಂಬುದನ್ನು ನಿಷ್ಕರ್ಷಿಸಿಕೊಳ್ಳುವುದು ಅವಶ್ಯಕ. ಬರೆವಣಿಗೆಯ ಅಕ್ಷರವೂ ಉಚ್ಚಾರಣೆಯ ಘಟಕವೂ ಒಂದೇ ಅಲ್ಲ. ‘ಕರ್ನಾಟಕ’ ಎಂಬ ಪದವನ್ನು ಬಿಡಿಸಿ ಉಚ್ಚರಿಸುವಾಗ ನಾವು ‘ಕರ್’ ಎಂದು ನಿಂತು ‘ನಾಟಕ’ ಎಂದು ಮುಂದುವರಿಯುತ್ತೇವೆ. ಬರೆವಣಿಗೆಯಲ್ಲಾದರೋ ರಕಾರವು ಅರ್ಕಾವೊತ್ತಾಗಿ ‘ನಾ’ಕಾರದ ಬಲಕ್ಕೆ ನಿಲ್ಲುತ್ತದೆ, ಆದುದರಿಂದ ಸಾಲು ಒಡೆಯುವಾಗ ‘ಕ’ ಮೇಲಿನ ಸಾಲಿನಲ್ಲಿ ಉಳಿದು ‘ರ್ನಾಟಕ’ ಕೆಳಗೆ ಬರುತ್ತದೆ. ಸ್ವರಚಿಹ್ನೆ, ಒತ್ತು, ಅನುಸ್ವಾರ, ವಿಸರ್ಗಗಳು ತಮ್ಮ ಮೂಲಾಕ್ಷರದೊಡನೆಯೇ ಇರತಕ್ಕವು. ಈ ನಿಯಮವನ್ನು ಮೊಳೆ ಜೋಡಿಸುವವನಿಗೆ ಯಾರೂ ಬರೆದುಕೊಡಬೇಕಾಗಿರಲಿಲ್ಲ. ಒತ್ತಿನ ಮೊಳೆಯನ್ನು ಒಂದು ಸಾಲಿನಲ್ಲಿಯೂ ಅದರ ಮೂಲಾಕ್ಷರವನ್ನು ಇನ್ನೊಂದು ಸಾಲಿನಲ್ಲಿಯೂ ಇಡುವುದು ಕನ್ನಡ ಬಲ್ಲವನ ಕೈಗೆ ತೋಚುವ ಕೆಲಸವಲ್ಲ.

೪

ಗಣಕಯಂತ್ರಕ್ಕೆ ಈ ಕೈ ಇರಲಿಲ್ಲ. ಮೊದಲಲ್ಲಿ ಕನ್ನಡವನ್ನು ಗಣಕದಲ್ಲಿ ತೋರಿಸಲು ಅನುಸರಿಸಿದ ಒಂದು ಮಾರ್ಗವೆಂದರೆ, ಇಂಗ್ಲಿಷ್ ಮತ್ತಿತರ ಯೂರೋಪಿಯನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಬಿಡಿ ಆಕಾರಗಳನ್ನು ಕೂರಿಸುವುದು. ‘ನುಡಿ’ಯೇ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ‘ಕನ್ನಡ’ ಎಂಬ ಪದವು ಯಂತ್ರದ ದೃಷ್ಟಿಯಲ್ಲಿ `PÀ£ÀßqÀ` ಎಂಬ ಸಂಕೇತಗಳ ಸರಣಿಯಾಗಿತ್ತು. ಇಲ್ಲಿ `P` ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು, `À` ಎಂಬುದು ತಲೆಕಟ್ಟು. ಯಂತ್ರಕ್ಕೆ ಇದೆಲ್ಲವೂ ಯೂರೋಪಿಯನ್ ಭಾಷೆಯ ಪದವೇ. ಅಂಥ ಬರೆಹದ ಮೇಲೆ ಇಂಗ್ಲಿಷಿನ ಪದವಿಚ್ಛೇದ ನಿಯಮಗಳನ್ನು ಚಾಲನೆಗೊಳಿಸಿದರೆ ಒಡಲು ಒಂದು ಸಾಲಿನಲ್ಲಿಯೂ ತಲೆಕಟ್ಟು ಇನ್ನೊಂದರಲ್ಲಿಯೂ ಬೀಳದಂತೆ ತಡೆಯುವ ಉಪಾಯ ಅದರಲ್ಲಿ ಇಲ್ಲ. ಆದುದರಿಂದ ಆ ನಿಯಮಗಳನ್ನು ನಿಲ್ಲಿಸಿ, ತೆರವಿನಲ್ಲಿ ಮಾತ್ರ ಒಡೆಯಲು ಬಿಡುವುದೇ ಕ್ಷೇಮವಾಗಿತ್ತು.

೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಕೇತಸ್ಥಾನಗಳು ದೊರೆತವು. ಅದರಿಂದ ಮೇಲಣ ಅಪಾಯ ತಪ್ಪಿತು. ಆದರೆ ಸಾಲು ಒಡೆಯುವ ಪ್ರಶ್ನೆ ಪೂರ್ತಿಯಾಗಿ ಬಗೆಹರಿಯಲಿಲ್ಲ. ಯೂನಿಕೋಡಿನ ಅನುಬಂಧಗಳಲ್ಲಿ ಹದಿನಾಲ್ಕನೆಯದು ಸಾಲು ಒಡೆಯುವುದಕ್ಕೇ ಮೀಸಲಾದುದು. ಅದು ಪ್ರತಿಯೊಂದು ಸಂಕೇತವನ್ನೂ ಒಂದೊಂದು ವರ್ಗಕ್ಕೆ ಸೇರಿಸುತ್ತದೆ. ಕನ್ನಡದ ಸ್ವರವ್ಯಂಜನಗಳು ಇಂಗ್ಲಿಷ್ ಅಕ್ಷರಗಳಂತೆಯೇ `AL` ಎಂಬ ವರ್ಗಕ್ಕೂ, ಸ್ವರಚಿಹ್ನೆ ಮತ್ತು ವಿರಾಮಚಿಹ್ನೆಗಳು ಹಿಂದಿನದಕ್ಕೆ ಅಂಟಿಕೊಳ್ಳುವ `CM` ಎಂಬ ವರ್ಗಕ್ಕೂ ಸೇರಿವೆ. `AL` ವರ್ಗದ ಎರಡರ ನಡುವೆ ಸಾಲು ಒಡೆಯಕೂಡದೆಂಬುದು ಅಲ್ಲಿನ ನಿಯಮ. ಅದರ ಫಲವಾಗಿ ಕನ್ನಡದಲ್ಲಿ ತೆರವು ಮತ್ತು ಹೈಫನಿನಂಥ ಕೆಲವು ಚಿಹ್ನೆಗಳಲ್ಲಿ ಮಾತ್ರ ಒಡೆಯುವ ಅವಕಾಶವುಂಟಾಯಿತು. ಪದವಿಚ್ಛೇದವನ್ನು ಬೇರೆಯಾದ ಒಂದು ವ್ಯವಸ್ಥೆಯ ಮೂಲಕ ಸೇರಿಸಿಕೊಳ್ಳಬಹುದೆಂದು ಮಾನಕವು ಒಪ್ಪುತ್ತದೆ; ಆ ವ್ಯವಸ್ಥೆಯನ್ನು ಒದಗಿಸುವುದು ಆಯಾ ತಂತ್ರಾಂಶದ ಹೊಣೆ.

ಇಲ್ಲಿ ಒಂದು ಕುತೂಹಲದ ಸಂಗತಿಯುಂಟು. ಜಾವಾ ಮತ್ತು ಬಾಲಿಯ ಲಿಪಿಗಳು ನಮ್ಮ ಲಿಪಿಯಂತೆಯೇ ಬ್ರಾಹ್ಮಿಯ ಸಂತತಿಗೆ ಸೇರಿದವು. ಅವುಗಳಲ್ಲಿ ಪದಗಳ ನಡುವೆ ತೆರವಿಲ್ಲದೆ ಬರೆಯುವ ಸಂಪ್ರದಾಯ ಉಳಿದುಬಂದಿದೆ. ೨೦೨೩ರಲ್ಲಿ ಹೊರಬಂದ ಯೂನಿಕೋಡಿನ ೧೫.೧ನೆಯ ಆವೃತ್ತಿಯಲ್ಲಿ ಅಂಥ ಲಿಪಿಗಳಿಗಾಗಿ ಅಕ್ಷರವನ್ನೇ ಘಟಕವಾಗಿ ಹಿಡಿದು ಸಾಲು ಒಡೆಯುವ ಹೊಸ ನಿಯಮವನ್ನು ಸೇರಿಸಿದರು. ಹಲ್ಮಿಡಿಯ ಕಲ್ಲುಕುಟಿಗನು ಪಾಲಿಸಿದ ಕ್ರಮ ಇಂದು ಯಂತ್ರದ ಮಾನಕದಲ್ಲಿ ಬರೆಹರೂಪದಲ್ಲಿದೆ, ಆದರೆ ಕನ್ನಡದ ಹೆಸರಿನಲ್ಲಿಲ್ಲ.

೫

ತೆರವಿನಲ್ಲಿ ಮಾತ್ರ ಒಡೆಯುವುದರಿಂದ ಏನು ಹಾನಿಯೆಂದು ವಾಚಕರು ಕೇಳಬಹುದು. ಪುಟದ ಅಗಲಕ್ಕೆ ಸಾಲು ಹರಿದಿದ್ದರೆ ಹೆಚ್ಚಿನ ಹಾನಿಯಿಲ್ಲ. ಅಂಕಣ ಕಿರಿದಾದಾಗ ಅದು ಬಯಲಾಗುತ್ತದೆ. ಒಂದು ನಿದರ್ಶನವನ್ನು ಲೆಕ್ಕಹಾಕಿ ನೋಡೋಣ.

ಇಂದು ರೂಢಿಯಲ್ಲಿರುವ ಅಗಲವಾದ ಸ್ಲೈಡಿನ ಅಳತೆ ೧೩.೩೩ ಅಂಗುಲ ಅಗಲ, ೭.೫ ಅಂಗುಲ ಎತ್ತರ. ಎರಡು ಅಂಚುಗಳನ್ನೂ ನಡುವಣ ಸಂದುಗಳನ್ನೂ ಕಳೆದು ಮೂರು ಅಂಕಣಗಳನ್ನು ಮಾಡಿದರೆ ಒಂದೊಂದಕ್ಕೆ ಸುಮಾರು ೩.೮ ಅಂಗುಲ ದೊರೆಯುತ್ತದೆ. ಟೆಕ್ಸ್ಟ್ ಬಾಕ್ಸಿನ ಒಳ ಅಂಚನ್ನೂ ಬಿಟ್ಟರೆ ಉಳಿಯುವುದು ಸುಮಾರು ೨೬೦ ಪಾಯಿಂಟ್. ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗೂ ಕಾಣಬೇಕೆಂದು ೨೪ ಪಾಯಿಂಟ್ ಅಳತೆಯನ್ನು ಆರಿಸಿಕೊಂಡು, ಒಂದು ಕನ್ನಡ ಅಕ್ಷರಕ್ಕೆ ಸರಾಸರಿ ೨೨ ಪಾಯಿಂಟ್ ಅಗಲವೆಂದು ಹಿಡಿದರೆ, ಸಾಲಿಗೆ ಸುಮಾರು ೧೨ ಅಕ್ಷರಗಳು. ವಾಸ್ತವವಾಗಿ ‘ಣ’ ಅಗಲವಾಗಿಯೂ ‘ರ’ ಕಿರಿದಾಗಿಯೂ ಇರುತ್ತವೆ. ಆದರೆ ಲೆಕ್ಕಕ್ಕೆ ಈ ಸರಾಸರಿ ಸಾಕು.

ಈಗ ಈ ವಾಕ್ಯವನ್ನು ತೆಗೆದುಕೊಳ್ಳೋಣ: ‘ವಿಶ್ವವಿದ್ಯಾನಿಲಯಗಳಲ್ಲಿ ಗ್ರಂಥಾಲಯಗಳನ್ನು ಸ್ಥಾಪಿಸಬೇಕೆಂದು ತೀರ್ಮಾನಿಸಲಾಯಿತು.’ ಪದಗಳು ನಾಲ್ಕೇ. ಆದರೆ ಅವುಗಳಲ್ಲಿರುವ ಅಕ್ಷರಗಳು ಕ್ರಮವಾಗಿ ೧೦, ೭, ೬ ಮತ್ತು ೭. ಸಮಾಸ, ಬಹುವಚನ, ವಿಭಕ್ತಿ, ಸಹಾಯಕ್ರಿಯೆ ಇವೆಲ್ಲವೂ ಒಂದೇ ಪದದೊಳಗೆ ಕೂಡಿಕೊಳ್ಳುವುದರಿಂದ ಕನ್ನಡದ ಪದಗಳು ಹೀಗೆ ನೀಳವಾಗುತ್ತವೆ. ತೆರವಿಗೂ ಚಿಹ್ನೆಗೂ ಒಂದೊಂದು ಅಕ್ಷರದ ಜಾಗವನ್ನು ಲೆಕ್ಕಹಾಕಿ, ತೆರವಿನಲ್ಲಿ ಮಾತ್ರ ಒಡೆದರೆ ಪಾಠ ಹೀಗಾಗುತ್ತದೆ:

```
ವಿಶ್ವವಿದ್ಯಾನಿಲಯಗಳಲ್ಲಿ
ಗ್ರಂಥಾಲಯಗಳನ್ನು
ಸ್ಥಾಪಿಸಬೇಕೆಂದು
ತೀರ್ಮಾನಿಸಲಾಯಿತು.
```

ಸಾಲಿಗೆ ಒಂದೇ ಪದ. ಮೊದಲ ಮೂರು ಸಾಲುಗಳ ೩೬ ಸ್ಥಾನಗಳಲ್ಲಿ ೨೩ ಮಾತ್ರ ತುಂಬಿ ೧೩ ಖಾಲಿ ಉಳಿದಿವೆ. ಎಂದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜಾಗ ವ್ಯರ್ಥ. ಎರಡು ಅಂಚುಗಳನ್ನೂ ಸಮ ಮಾಡಬೇಕೆಂದು ಆಜ್ಞಾಪಿಸಿದರೂ ಪ್ರಯೋಜನವಿಲ್ಲ. ಹಿಗ್ಗಿಸುವುದಕ್ಕೆ ಸಾಲಿನೊಳಗೆ ತೆರವೇ ಇಲ್ಲ. ಇದೇ ವಾಕ್ಯವನ್ನು ಅಚ್ಚಿನ ಹಳೆಯ ಕ್ರಮದಲ್ಲಿ ಒಡೆದರೆ:

```
ವಿಶ್ವವಿದ್ಯಾನಿಲಯಗಳಲ್ಲಿ
ಗ್ರಂಥಾಲಯಗಳನ್ನು ಸ್ಥಾಪಿಸ-
ಬೇಕೆಂದು ತೀರ್ಮಾನಿಸಲಾಯಿತು.
```

ನಾಲ್ಕು ಸಾಲು ಮೂರಾಯಿತು. ಎರಡನೆಯ ಮತ್ತು ಮೂರನೆಯ ಸಾಲುಗಳು ೧೨ ಸ್ಥಾನಗಳನ್ನೂ ತುಂಬಿವೆ. ಸ್ಲೈಡಿನಲ್ಲಿ ಒಂದು ಸಾಲಿನ ಉಳಿತಾಯ ಸಣ್ಣದಲ್ಲ. ಪೆಟ್ಟಿಗೆ ತುಂಬಿ ಹೊರಚೆಲ್ಲಿದರೆ ತಂತ್ರಾಂಶವು ತಾನಾಗಿಯೇ ಅಕ್ಷರಗಳ ಅಳತೆಯನ್ನು ಕುಗ್ಗಿಸುವುದುಂಟು. ಆಗ ಒತ್ತಕ್ಷರಗಳು ಮೊದಲು ಓದಲಾರದಂತಾಗುತ್ತವೆ. ‘ಸ್ಥಾಪಿಸಬೇಕೆಂದು’ ಎಂಬಲ್ಲಿ ಇನ್ನೂ ಒಂದು ಅಂಶವನ್ನು ಗಮನಿಸಬಹುದು. ‘ಬೇಕು’ ಮತ್ತು ‘ಎಂದು’ ಇವುಗಳ ಎಲ್ಲೆ ‘ಕೆಂ’ ಎಂಬ ಅಕ್ಷರದ ಒಳಗಿರುವುದರಿಂದ ಅಲ್ಲಿ ಒಡೆಯಲು ಬಾರದು. ಹಲ್ಮಿಡಿಯ ‘ರಿ’ಕಾರದ ಪ್ರಸಂಗವೇ ಇಲ್ಲಿ ಮರುಕಳಿಸಿದೆ.

೬

ಅಂಕಣವು ಇನ್ನೂ ಕಿರಿದಾಗಿ ಸಾಲಿಗೆ ಎಂಟೇ ಅಕ್ಷರಗಳಾದರೆ ಮೊದಲ ಪದವೇ ಹಿಡಿಸುವುದಿಲ್ಲ. ಆಗ ತಂತ್ರಾಂಶವು ತುರ್ತುಕ್ರಮವೊಂದನ್ನು ಅನುಸರಿಸುತ್ತದೆ: ಎಲ್ಲಿ ಅಂಚು ಬಂದಿತೋ ಅಲ್ಲಿಯೇ, ಹೈಫನನ್ನೂ ಇಡದೆ, ಪದವನ್ನು ಕತ್ತರಿಸಿಬಿಡುತ್ತದೆ. ‘ವಿಶ್ವವಿದ್ಯಾನಿಲಯಗ’ ಎಂದು ಮೇಲೆ ಉಳಿದು ‘ಳಲ್ಲಿ’ ಎಂಬುದು ಕೆಳಗೆ ಬೀಳುತ್ತದೆ. ಒಂದು ಅಕ್ಷರ ಮುಂಚೆಯೇ ನಿಂತು ‘ವಿಶ್ವವಿದ್ಯಾನಿಲಯ-’ ಎಂದು ಹೈಫನ್ ಸಹಿತ ಎಂಟು ಸ್ಥಾನಗಳನ್ನು ತುಂಬಿಸಿ, ‘ಗಳಲ್ಲಿ’ ಎಂಬ ಪ್ರತ್ಯಯಭಾಗವನ್ನು ಇಡಿಯಾಗಿ ಕೆಳಗಿಳಿಸಬಹುದಾಗಿತ್ತು. ಆದರೆ ಯಂತ್ರಕ್ಕೆ ಆ ವಿವೇಕವಿಲ್ಲ.

ತುರ್ತುಕ್ರಮದಲ್ಲಿ ಇದಕ್ಕಿಂತ ಕೆಟ್ಟ ಫಲವೂ ಉಂಟಾಗಬಹುದು. ಯಂತ್ರವು ಆಗ ಕತ್ತರಿಸಲಾರದ ಘಟಕವೆಂದು ಬಗೆಯುವುದು ನಮ್ಮ ಅಕ್ಷರವನ್ನಲ್ಲ, ಯೂನಿಕೋಡಿನ ಮತ್ತೊಂದು ಅನುಬಂಧವು ನಿರ್ವಚಿಸುವ ಸಂಕೇತಗುಚ್ಛವನ್ನು. ಈ ಗುಚ್ಛವು ಹಲಂತ ಚಿಹ್ನೆಯನ್ನು ಅದರ ಹಿಂದಿನ ವ್ಯಂಜನದೊಡನೆ ಸೇರಿಸಿ ಅಲ್ಲಿಗೇ ಮುಗಿಯುತ್ತದೆ. ‘ರಾಷ್ಟ್ರ’ ಎಂಬುದು ನಮಗೆ ಎರಡು ಅಕ್ಷರ. ಈ ಲೆಕ್ಕದಲ್ಲಿ ಅದು ರಾ, ಷ್, ಟ್, ರ ಎಂಬ ನಾಲ್ಕು ಗುಚ್ಛ. ೨೦೨೩ರ ೧೫.೧ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಇಡಿಯಾಗಿ ಕಾಯುವ ನಿಯಮವೊಂದು ಸೇರಿತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ ಅನ್ವಯಿಸುವಂಥದು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹೆಚ್ಚಿನ ಎಚ್ಚರವನ್ನು ತಾನಾಗಿಯೇ ವಹಿಸದ ತಂತ್ರಾಂಶದಲ್ಲಿ ‘ಅಂತಾರಾಷ್ಟ್ರೀಯ’ ಎಂಬ ಪದವು ‘ಅಂತಾರಾಷ್’ ಎಂದೂ ‘ಟ್ರೀಯ’ ಎಂದೂ ಸೀಳಿಹೋಗುವ ಸಂಭವವಿದೆ.

ಇಂಥ ದೋಷವನ್ನು ಗುರುತಿಸುವುದು ಕಷ್ಟವಲ್ಲ. ಸಾಲಿನ ಕೊನೆಯಲ್ಲಿ ಅನಿರೀಕ್ಷಿತವಾಗಿ ಹಲಂತ ವ್ಯಂಜನ ನಿಂತು, ಅದಕ್ಕೆ ಒತ್ತಾಗಬೇಕಾಗಿದ್ದ ವ್ಯಂಜನವು ಕೆಳಗಿನ ಸಾಲಿನ ಮೊದಲಲ್ಲಿ ಪೂರ್ಣಾಕಾರದಲ್ಲಿ ಕಂಡುಬಂದರೆ, ಸಂಯುಕ್ತಾಕ್ಷರ ಸೀಳಿದೆಯೆಂದು ತಿಳಿಯಬೇಕು. ಸಾಲಿನ ಮೊದಲಲ್ಲಿ ಚುಕ್ಕಿಗಳಿಂದಾದ ವೃತ್ತವೊಂದು ಕಾಣಿಸಿಕೊಂಡು ಅದಕ್ಕೆ ಸ್ವರಚಿಹ್ನೆ ಅಂಟಿದ್ದರೆ, ಆ ತಂತ್ರಾಂಶವು ಗುಚ್ಛವನ್ನೂ ಗಮನಿಸದೆ ಬಿಡಿ ಸಂಕೇತಗಳ ನಡುವೆಯೇ ಕತ್ತರಿಸಿದೆ. ಹೈಫನಿಲ್ಲದೆ ಪದ ಒಡೆದಿದ್ದು ಅಕ್ಷರ ಮಾತ್ರ ಇಡಿಯಾಗಿದ್ದರೆ, ಅದು ತುರ್ತುಕ್ರಮವು ಅದೃಷ್ಟವಶಾತ್ ಸರಿಯಾದ ಕಡೆ ನಿಂತುದರ ಗುರುತು.

೭

ಅಕ್ಷರನಿಯಮವನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನ ನಡೆಯದೇ ಇಲ್ಲ. ಪದವಿಚ್ಛೇದದ ಸ್ಥಾನಗಳನ್ನು ಚಿಕ್ಕ ಚಿಕ್ಕ ಸೂತ್ರಗಳಿಂದ ನಿರ್ಣಯಿಸುವ ವಿಧಾನವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಫ್ರ್ಯಾಂಕ್ಲಿನ್ ಲಿಯಾಂಗ್ ೧೯೮೩ರ ತನ್ನ ಪ್ರಬಂಧದಲ್ಲಿ ನಿರೂಪಿಸಿದನು. ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಅದನ್ನು ಬಳಸುತ್ತದೆ. ಅದಕ್ಕೆ ಬೇಕಾದ ಕನ್ನಡ ಸೂತ್ರಗಳನ್ನು ಮತ್ತಿತರ ಭಾರತೀಯ ಭಾಷೆಗಳ ಸೂತ್ರಗಳೊಡನೆ ಸಂತೋಷ್ ತೊಟ್ಟಿಂಗಲ್ ಅವರು ರಚಿಸಿದ್ದಾರೆ. ಸೂತ್ರದ ರೂಪ ಹೀಗಿರುತ್ತದೆ:

```
1ಷ
1ಟ
2್2
```

ಬೆಸ ಸಂಖ್ಯೆಯಿದ್ದ ಕಡೆ ಒಡೆಯಬಹುದು, ಸಮ ಸಂಖ್ಯೆಯಿದ್ದ ಕಡೆ ಒಡೆಯಕೂಡದು; ಒಂದೇ ಸ್ಥಾನಕ್ಕೆ ಎರಡು ಸಂಖ್ಯೆಗಳು ಬಂದರೆ ದೊಡ್ಡದು ಗೆಲ್ಲುತ್ತದೆ. ಮೊದಲ ಸೂತ್ರದಂತೆ ಷಕಾರದ ಹಿಂದೆ ಒಡೆಯಬಹುದು. ಆದುದರಿಂದ ‘ರಾ’ ಎಂದಾದ ಮೇಲೆ ಅವಕಾಶ ದೊರೆಯಿತು. ಎರಡನೆಯದರಂತೆ ಟಕಾರದ ಹಿಂದೆಯೂ ಒಡೆಯಬಹುದಾಗಿತ್ತು. ಆದರೆ ಅದರ ಹಿಂದಿರುವ ಹಲಂತ ಚಿಹ್ನೆಗೆ ಮೂರನೆಯ ಸೂತ್ರವು ಎರಡು ಪಕ್ಕಗಳಲ್ಲಿಯೂ 2 ಎಂಬ ಕಾವಲನ್ನು ಇಟ್ಟಿದೆ. ಎರಡು ಒಂದಕ್ಕಿಂತ ದೊಡ್ಡದಾದುದರಿಂದ ಒಡೆತ ನಿಂತಿತು. ರಕಾರಕ್ಕೂ ಹೀಗೆಯೇ. ಫಲವಾಗಿ ‘ರಾ-ಷ್ಟ್ರ’ ಎಂಬೊಂದೇ ವಿಚ್ಛೇದ ಉಳಿಯುತ್ತದೆ. ಇದು ಓಲೆಗರಿಯ ಲಿಪಿಕಾರನೂ ಒಪ್ಪುವ ಫಲ.

ಆದರೆ ಅಕ್ಷರನಿಯಮ ನೆರವೇರಿದ ಮಾತ್ರಕ್ಕೆ ಓದು ಸುಗಮವಾಗುವುದಿಲ್ಲ. ಈ ಲೇಖಕನು ಕೆಲವು ವರ್ಷಗಳ ಹಿಂದೆ ಒಂದು ಗೋಷ್ಠಿಯಲ್ಲಿ ಪ್ರಬಂಧವನ್ನು ಮಂಡಿಸುವಾಗ ಮೂರು ಅಂಕಣಗಳ ಸ್ಲೈಡೊಂದನ್ನು ತೋರಿಸಿದ್ದನು. ‘ಇವರು ಸಹಕಾರಿಗಳಲ್ಲ’ ಎಂಬ ವಾಕ್ಯದಲ್ಲಿ ಸಾಲು ‘ಸಹಕಾರಿಗಳ’ ಎಂಬಲ್ಲಿ ಒಡೆದು ‘ಲ್ಲ’ ಎಂಬುದು ಕೆಳಗೆ ಒಂಟಿಯಾಗಿ ಬಿದ್ದಿತ್ತು. ಗಟ್ಟಿಯಾಗಿ ಓದಲೆಂದು ಹೇಳಿದ್ದ ವಿದ್ಯಾರ್ಥಿಯು ಅದನ್ನು ಷಷ್ಠೀವಿಭಕ್ತಿಯೆಂದು ಭಾವಿಸಿ, ಮುಂದಿನ ನಾಮಪದಕ್ಕಾಗಿ ತಡಕಿ, ‘ಲ್ಲ’ವನ್ನು ಬಿಟ್ಟು ಮುಂದಿನ ವಾಕ್ಯಕ್ಕೆ ಹಾರಿದನು. ನಿಷೇಧವಾಕ್ಯದ ನಿಷೇಧವೇ ಮಾಯವಾಯಿತು. ಯಾವ ಅಕ್ಷರವೂ ಸೀಳಿರಲಿಲ್ಲ. ಆದರೂ ಅರ್ಥ ಕೆಟ್ಟಿತ್ತು. ತಪ್ಪು ಓದಿದವನದಲ್ಲ, ಸ್ಲೈಡನ್ನು ಸಿದ್ಧಪಡಿಸಿದವನದು.

ಈ ಪ್ರಸಂಗದಿಂದ ಅಕ್ಷರನಿಯಮದ ಮಿತಿ ತಿಳಿಯುತ್ತದೆ. ‘ಲ್ಲ’, ‘ನ್ನು’, ‘ಲ್ಲಿ’ ಮೊದಲಾದ ದ್ವಿತ್ವಾಕ್ಷರಗಳ ಮೊದಲ ವ್ಯಂಜನವು ಉಚ್ಚಾರಣೆಯಲ್ಲಿ ಹಿಂದಿನ ಅಕ್ಷರಕ್ಕೆ ಸೇರುತ್ತದೆ, ಬರೆಹದಲ್ಲಿ ಮುಂದಿನದಕ್ಕೆ. ಆದುದರಿಂದ ಅವುಗಳ ಹಿಂದೆ ಒಡೆದರೆ ಕಣ್ಣು ಒಪ್ಪಿದರೂ ಕಿವಿ ಒಪ್ಪುವುದಿಲ್ಲ. ‘ಸಹಕಾರಿ-ಗಳಲ್ಲ’ ಎಂದು ಪ್ರತ್ಯಯದ ಎಲ್ಲೆಯಲ್ಲಿ ಒಡೆದರೆ ಎರಡೂ ಒಪ್ಪುತ್ತವೆ. ಮೇಲಣ ಸೂತ್ರಗಳು ಪ್ರಕೃತಿಪ್ರತ್ಯಯಗಳನ್ನು ಅರಿಯವು. ಅವುಗಳ ಪಾಲಿಗೆ ಈ ಎರಡು ಒಡೆತಗಳೂ ಸಮಾನ. ಹೀಗಾಗಿ ಅಕ್ಷರವು ದಾಟಕೂಡದ ಗಡಿಯೆಂದೂ, ಪ್ರತ್ಯಯದ ಅಥವಾ ಸಮಾಸಪದದ ಎಲ್ಲೆಯು ಆ ಗಡಿಯೊಳಗೆ ಆರಿಸಿಕೊಳ್ಳಬೇಕಾದ ಉತ್ತಮ ಸ್ಥಾನವೆಂದೂ ತಿಳಿಯುವುದು ಯುಕ್ತ.

೮

ಯಂತ್ರವು ಆರಿಸಲಾರದ ಸ್ಥಾನವನ್ನು ಬರೆಯುವವನು ಸೂಚಿಸಬಹುದು. ಅದಕ್ಕಾಗಿ ಮೃದು ಹೈಫನ್ ಎಂಬ ಸಂಕೇತವಿದೆ; ಅದರ ಸ್ಥಾನ `U+00AD`. ಪದದೊಳಗೆ ಅದನ್ನು ಸೇರಿಸಿದರೆ, ಸಾಲು ಅಲ್ಲಿ ಒಡೆಯಬೇಕಾದಾಗ ಮಾತ್ರ ಹೈಫನ್ ಕಾಣಿಸಿಕೊಳ್ಳತಕ್ಕದ್ದು. ಇಲ್ಲವಾದರೆ ಅದು ಅದೃಶ್ಯ. ಜಾಲಪುಟದ ರೂಪದಲ್ಲಿ ಸಿದ್ಧಪಡಿಸುವ ಸ್ಲೈಡುಗಳಲ್ಲಿ ಅದನ್ನು ಹೀಗೆ ಬರೆಯುವರು:

```
ವಿಶ್ವವಿದ್ಯಾನಿಲಯ­ಗಳಲ್ಲಿ
ಸಹಕಾರಿ­ಗಳಲ್ಲ
```

ಕೆಲವು ತಂತ್ರಾಂಶಗಳು ಈ ಸಂಕೇತವನ್ನು ಸರಿಯಾಗಿ ಪಾಲಿಸದೆ ಯಾವಾಗಲೂ ತೋರಿಸುವುದುಂಟು ಅಥವಾ ಗಮನಿಸದೆಯೇ ಬಿಡುವುದುಂಟು. ಆದುದರಿಂದ ಅಂಕಣವನ್ನು ಒಮ್ಮೆ ಹಿಗ್ಗಿಸಿ ಒಮ್ಮೆ ಕುಗ್ಗಿಸಿ ನೋಡಿ, ಪದ ಒಡೆದಾಗ ಗೆರೆ ಬಂದು ಕೂಡಿದಾಗ ಮಾಯವಾಗುವುದೇ ಎಂದು ಪರೀಕ್ಷಿಸಿಕೊಳ್ಳಬೇಕು. ಪ್ರತಿ ಪದಕ್ಕೂ ಇದನ್ನು ಸೇರಿಸುವ ಅಗತ್ಯವಿಲ್ಲ. ಏಳೆಂಟು ಅಕ್ಷರಗಳನ್ನು ಮೀರಿದ ಪದಗಳಿಗೆ ಸಾಕು.

ಇದಕ್ಕೆ ಬದಲಾಗಿ ಹಲವರು ಮಾಡುವುದೆಂದರೆ, ಸಾಲಿನ ಕೊನೆಯಲ್ಲಿ ಸಾಮಾನ್ಯ ಹೈಫನನ್ನು ಒತ್ತಿ, ಮುಂದಿನ ಸಾಲಿಗೆ ಕೀಲಿಯ ಮೂಲಕ ಇಳಿಯುವುದು. ಆ ಕ್ಷಣಕ್ಕೆ ಕೆಲಸ ನೆರವೇರಿದಂತೆ ತೋರುತ್ತದೆ. ಆದರೆ ಬೇರೊಂದು ಯಂತ್ರದಲ್ಲಿ ಅದೇ ಅಕ್ಷರವಿನ್ಯಾಸ ಇಲ್ಲದಿದ್ದರೆ ಅಕ್ಷರಗಳ ಅಗಲ ಬದಲಾಗಿ, ‘ಸ್ಥಾಪಿಸ-’ ಎಂಬುದು ಸಾಲಿನ ನಡುವೆಯೇ ನಿಂತು, ಮುಂದೆ ಖಾಲಿ ಜಾಗ ಉಳಿಯುತ್ತದೆ. ಅದಕ್ಕಿಂತಲೂ ಹೆಚ್ಚಿನ ನಷ್ಟವೆಂದರೆ ಪಾಠವೇ ಕೆಡುವುದು. ‘ಸ್ಥಾಪಿಸಬೇಕೆಂದು’ ಎಂಬ ಪದವನ್ನು ಮುಂದೆ ಯಾರಾದರೂ ಆ ಕಡತದಲ್ಲಿ ಹುಡುಕಿದರೆ ಅದು ಸಿಕ್ಕದು. ಪ್ರತಿಮಾಡಿಕೊಂಡವನ ಪ್ರಬಂಧದಲ್ಲಿ ಮುರಿದ ಪದವೇ ಮೂಲಪಾಠವಾಗಿ ನಿಲ್ಲುತ್ತದೆ. ಶಾಸನಪಾಠದ ಸಂಪಾದಕನು ತಾನು ಇಟ್ಟ ಗೆರೆ ತನ್ನದು, ಕಲ್ಲಿನದಲ್ಲ ಎಂಬ ಭೇದವನ್ನು ಎಚ್ಚರದಿಂದ ಕಾಯುತ್ತಾನೆ. ಕೈಯಿಂದ ಒತ್ತಿದ ಹೈಫನ್ ಆ ಭೇದವನ್ನು ಅಳಿಸಿಹಾಕುತ್ತದೆ; ಮೃದು ಹೈಫನ್ ಅದನ್ನು ಉಳಿಸುತ್ತದೆ.

ಅಂಕಣಗಳ ಸಂಖ್ಯೆಯನ್ನು ಕುರಿತೂ ಒಂದು ಮಾತು ಉಳಿದಿದೆ. ಮೇಲಣ ಲೆಕ್ಕದಲ್ಲಿ ಮೂರು ಅಂಕಣಗಳ ಬದಲು ಎರಡನ್ನೇ ಮಾಡಿದರೆ ಸಾಲಿಗೆ ಸುಮಾರು ೧೮ ಅಕ್ಷರಗಳು ಹಿಡಿಸುತ್ತವೆ. ಆಗ ನಮ್ಮ ವಾಕ್ಯದ ಮೊದಲೆರಡು ಪದಗಳು ತೆರವೂ ಸೇರಿ ಮೊದಲ ಸಾಲನ್ನು ಸರಿಯಾಗಿ ತುಂಬುತ್ತವೆ. ಉಳಿದೆರಡು ಪದಗಳು ಪೂರ್ಣವಿರಾಮವೂ ಸೇರಿ ೧೫ ಸ್ಥಾನಗಳಲ್ಲಿ ಎರಡನೆಯ ಸಾಲಿಗೆ ಬರುತ್ತವೆ. ಯಾವ ಪದವನ್ನೂ ಒಡೆಯಬೇಕಾಗಿಲ್ಲ. ಇಂಗ್ಲಿಷ್ ಪಾಠಕ್ಕಾಗಿ ರೂಪಿಸಿದ ಮೂರು ಅಂಕಣಗಳ ಮಾದರಿಯಲ್ಲಿ ಕನ್ನಡವನ್ನು ತುಂಬುವವರು ಮೊದಲು ತಮ್ಮ ಪಾಠದ ಅತ್ಯಂತ ನೀಳವಾದ ಪದದ ಅಕ್ಷರಗಳನ್ನು ಎಣಿಸಿ, ಅಂಕಣದ ಅಗಲ ಅದರ ಒಂದೂವರೆಯಷ್ಟಾದರೂ ಇರುವುದೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಎಡ ಅಂಚನ್ನು ಮಾತ್ರ ಸಮಮಾಡಿ, ಬಲ ಅಂಚನ್ನು ಅದರ ಪಾಡಿಗೆ ಬಿಟ್ಟು, ನೀಳಪದಗಳ ಪ್ರತ್ಯಯಸ್ಥಾನಗಳಲ್ಲಿ ಮೃದು ಹೈಫನನ್ನು ಇರಿಸಬೇಕು.

ಹಲ್ಮಿಡಿಯ ಶಾಸನವನ್ನು ಕೆತ್ತಿದವನಿಗೆ ಕಲ್ಲಿನ ಅಂಚನ್ನು ಸರಿಸುವ ಸ್ವಾತಂತ್ರ್ಯವಿರಲಿಲ್ಲ. ಅಕ್ಷರವನ್ನು ಸೀಳದಿರುವ ಎಚ್ಚರ ಮಾತ್ರ ಅವನ ಕೈಯಲ್ಲಿತ್ತು. ನಮಗೆ ಅಂಚನ್ನು ಸರಿಸುವ ಸ್ವಾತಂತ್ರ್ಯವೂ ಇದೆ, ಒಡೆಯುವ ಸ್ಥಾನವನ್ನು ಮೊದಲೇ ಗುರುತಿಸಿಡುವ ಸಾಧನವೂ ಇದೆ. ಉಳಿದಿರುವುದು ಆ ಸ್ಥಾನ ಯಾವುದೆಂಬ ತೀರ್ಮಾನ. ಅದಕ್ಕೆ ಕನ್ನಡದ ವ್ಯಾಕರಣವನ್ನೇ ಆಶ್ರಯಿಸಬೇಕು.